ಟರ್ಪಾಲು ಹೊಸತು, ಅಕ್ಕಿ ಒದ್ದೆ!

ಘಟ್ಟದ ಮಳೆ ಶುರುವಾಯಿತೆಂದರೆ ಮಂಗಳೂರಿನ ಬಂದರಿನ ಅಕ್ಕಿ ಅಂಗಡಿಗಳ ಮುಂದೆ ಬೆಳ್ಳಂಬೆಳಗ್ಗೆ ಒಂದು ಜಗಳ ಕಾದಿರುತ್ತದೆ. ಗಂಗಾವತಿಯಿಂದ ಲಾರಿ ಬಂದು ನಿಲ್ಲುತ್ತದೆ. ಹಮಾಲಿಗಳು ಹಗ್ಗ ಬಿಚ್ಚಿ ಟರ್ಪಾಲು ಎಳೆಯುತ್ತಾರೆ. ಮೇಲಿನ ಸಾಲಿನ ಚೀಲಕ್ಕೆ ಕೈ ಹಾಕಿದವ ಅಲ್ಲೇ ನಿಲ್ಲುತ್ತಾನೆ. ಚೀಲ ಒದ್ದೆ!

"ಎಂಥದು ಮಾರಾಯಾ ಇದು?" ಎಂದು ಅಂಗಡಿಯ ಧನಿ.

"ನಾವೇನ್ ಮಾಡೂಣ್ರೀ ಸಾವ್ಕಾರ್ರ? ಹೋದ ತಿಂಗಳಾ ತಂದ ತಾಡಪತ್ರಿ ಐತಿ, ಹೊಸಾದು!" ಎಂದು ಡ್ರೈವರ್.

ಇಬ್ಬರೂ ಹೇಳುವುದು ಸತ್ಯವೇ. ಹಾಗಾದರೆ ನೀರು ಬಂದದ್ದು ಎಲ್ಲಿಂದ? ಜಗಳ ಆಡುವವರು ಯಾರೂ ಟರ್ಪಾಲನ್ನು ಬಿಡಿಸಿ ನೋಡುವುದಿಲ್ಲ. ನೋಡಿದರೆ ಉತ್ತರ ಅದರಲ್ಲೇ ಇರುತ್ತದೆ.

ಇಂಥ ಒಂದು ಲೋಡಿನ ಲೆಕ್ಕ ನೋಡಿ. ಆರು ಚಕ್ರದ ಲಾರಿ, 25 ಕಿಲೋದ 400 ಚೀಲ, ಅಂದರೆ 10 ಟನ್ ಅಕ್ಕಿ. ಒದ್ದೆಯಾದದ್ದು 24 ಚೀಲ, 600 ಕಿಲೋ. ಕಿಲೋಗೆ 50 ರೂಪಾಯಿ ಹಿಡಿದರೂ 30,000 ರೂಪಾಯಿ ನೀರುಪಾಲು. ಒದ್ದೆಯಾದದ್ದು ಎರಡೇ ಕಡೆ: ಲೋಡಿನ ನಡುವೆ ಒಂದು ಗುಂಪು, ಕ್ಯಾಬಿನ್ ಪಕ್ಕದ ಮೂಲೆಯಲ್ಲಿ ಒಂದು ಗುಂಪು. ಉಳಿದ ಚೀಲಗಳು ಗರಿಗರಿ. ಟರ್ಪಾಲು ನೀಲಿ ಬಣ್ಣದ್ದು, 30 ಅಡಿ ಉದ್ದ 18 ಅಡಿ ಅಗಲ, ಪ್ಲಾಸ್ಟಿಕ್ ಪಟ್ಟಿ ನೇಯ್ದದ್ದು.

ಈ ನೀಲಿ ಟರ್ಪಾಲು ಬಟ್ಟೆಯೂ ಅಲ್ಲ, ಪೂರಾ ಹಾಳೆಯೂ ಅಲ್ಲ. ಪಾಲಿಎಥಿಲೀನ್ ಪಟ್ಟಿಗಳನ್ನು ಚಾಪೆಯಂತೆ ನೇಯ್ದು, ಎರಡೂ ಬದಿಗೆ ತೆಳು ಪೊರೆ ಅಂಟಿಸುತ್ತಾರೆ. ಜಗ್ಗಾಟ ತಡೆಯುವುದು ನೇಯ್ಗೆ, ನೀರು ತಡೆಯುವುದು ಪೊರೆ. ನೇಯ್ಗೆ ಗಟ್ಟಿಯಾಗಿಯೇ ಇದ್ದು ಪೊರೆ ಮಾತ್ರ ಸವೆದರೆ, ನೋಡಲಿಕ್ಕೆ ಟರ್ಪಾಲು ಹೊಸತು, ಕೆಲಸಕ್ಕೆ ಜರಡಿ. ಮೂಲೆಯಲ್ಲಿ ಆದದ್ದು ಇದೇ. ಬಿಗಿದ ಹಗ್ಗದ ಕೆಳಗೆ, ಬಾಡಿಯ ಹಲಗೆಯ ಅಂಚಿಗೆ ತಾಗಿ, ನೂರಾರು ಮೈಲಿ ಉಜ್ಜಿದೆ. ಅದನ್ನು ಬಿಸಿಲಿಗೆ ಹಿಡಿದರೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಸಾಲಾಗಿ ಕಾಣುತ್ತವೆ.

ನಡುವಿನ ಗುಂಪಿನದು ಬೇರೆ ಕಥೆ. ಚೀಲ ಜೋಡಿಸುವಾಗ ನಡುವೆ ತಗ್ಗು ಬಿಟ್ಟಿದ್ದಾರೆ. ಶಿರಾಡಿಯ ಮಳೆ ಅಲ್ಲಿ ಕೆರೆ ಕಟ್ಟಿತು. ಒಂದು ಚದರ ಮೀಟರ್ ಜಾಗದಲ್ಲಿ 5 ಸೆಂಟಿಮೀಟರ್ ನೀರು ನಿಂತರೆ ಅದರ ತೂಕವೇ 50 ಕಿಲೋ! ಲಾರಿ ಒಂದೊಂದು ಗುಂಡಿಗೆ ಹಾರಿದಾಗಲೂ ಆ ಭಾರ ಟರ್ಪಾಲನ್ನು ಕುಕ್ಕುತ್ತದೆ. ಮಡಿಕೆಯಲ್ಲಿ ಮೊದಲೇ ಬಿರಿದ ಪೊರೆ ಬಾಯಿ ಬಿಡುತ್ತದೆ. ಇದಕ್ಕೆ ಟರ್ಪಾಲನ್ನು ಬೈದು ಫಲವಿಲ್ಲ. ನಡುಸಾಲಿಗೆ ಒಂದು ಚೀಲ ಎತ್ತರ ಕೊಟ್ಟು ಮನೆಯ ಮಾಡಿನಂತೆ ಇಳಿಜಾರು ಮಾಡಿದರೆ ನೀರು ನಿಲ್ಲುವುದೇ ಇಲ್ಲ. ಖರ್ಚು ಸೊನ್ನೆ!

ಹಾಗಾದರೆ ಯಾವ ಟರ್ಪಾಲು ಒಳ್ಳೆಯದು? ಅಂಗಡಿಯಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ರೇಟು ಒಂದೇ. ಕೇಳಬೇಕಾದದ್ದು ಬೇರೆ: ಏನು ತುಂಬುತ್ತೀರಿ, ಎಲ್ಲಿಗೆ ಹೋಗುತ್ತೀರಿ?

ನೀಲಿಯದು ಅಗ್ಗ, ಹಗುರ. ಚದರ ಮೀಟರಿಗೆ 200 ಗ್ರಾಂ ತೂಗುವ ಮಾಲಾದರೆ 30ಕ್ಕೆ 18 ಅಡಿಯದು ಸುಮಾರು 10 ಕಿಲೋ. ಕ್ಲೀನರ್ ಹುಡುಗ ಒಬ್ಬನೇ ಹೊತ್ತು ಮೇಲೆ ಹತ್ತುತ್ತಾನೆ. ಆದರೆ ಬಿಸಿಲು ಅದಕ್ಕೆ ಶತ್ರು. ಬಿಸಿಲು ತಡೆಯುವ ಮದ್ದು ಸರಿಯಾಗಿ ಬೆರೆಸದಿದ್ದರೆ ಪಟ್ಟಿಗಳು ಒಣಗಿ ಪುಡಿ ಉದುರುತ್ತವೆ. ರಿಂಗಿನ ಬಳಿ ಒಮ್ಮೆ ಹರಿದರೆ ಗಾಳಿಗೆ ಆ ಹರಿವು ಓಡುತ್ತಲೇ ಹೋಗುತ್ತದೆ.

ಕ್ಯಾನ್ವಾಸು ಅಜ್ಜನ ಕಾಲದ್ದು ಎಂದು ನಗುವವರಿದ್ದಾರೆ. ನಗಬೇಕಾಗಿಲ್ಲ. ಹತ್ತಿಯ ನೂಲು ನೀರು ಕುಡಿದು ಉಬ್ಬಿ ತನ್ನ ರಂಧ್ರ ತಾನೇ ಮುಚ್ಚಿಕೊಳ್ಳುತ್ತದೆ. ಮೇಲೆ ಮೇಣದ ರಕ್ಷಣೆಯೂ ಇರುತ್ತದೆ. ಅದು ಉಸಿರಾಡುತ್ತದೆ, ಹರಿದರೆ ದಬ್ಬಣ ಹಿಡಿದು ತೇಪೆ ಹಾಕಬಹುದು. ಈರುಳ್ಳಿಯಂಥ ಉಸಿರು ಬೇಕಾದ ಸರಕಿಗೆ ಇದೇ ಸೈ. ಆದರೆ ಒದ್ದೆಯಾದರೆ ಎತ್ತಲಿಕ್ಕೆ ಇಬ್ಬರು ಬೇಕು. ಒದ್ದೆಯಲ್ಲೇ ಮಡಚಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಚೀಲ ಒಳಗಿನಿಂದ ಒತ್ತಿ ಉಜ್ಜಿದ ಜಾಗದಲ್ಲಿ ನೀರು ಜಿನುಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅದನ್ನು ಒಣಗಿಸುವುದು ಎಲ್ಲಿ?

ಮೂರನೆಯದು ಪಿವಿಸಿ ಲೇಪನದ್ದು. ಒಳಗೆ ಪಾಲಿಯೆಸ್ಟರ್ ನೂಲಿನ ಬಟ್ಟೆ, ಎರಡೂ ಬದಿಗೆ ರೆಕ್ಸಿನ್ನಿನಂಥ ದಪ್ಪ ಲೇಪ. ಜೋಡಣೆಗೆ ಹೊಲಿಗೆ ಬೇಡ, ಬಿಸಿ ಮಾಡಿ ಬೆಸೆಯುತ್ತಾರೆ. ಆದ್ದರಿಂದ ಸೂಜಿ ತೂತಿನ ಕಾಟವಿಲ್ಲ. ಹಗ್ಗ ಉಜ್ಜಿದರೂ ದಪ್ಪ ಲೇಪ ಬೇಗ ಬಿಡುವುದಿಲ್ಲ, ತೂತಾದರೂ ಹರಿವು ಬೇಗ ಓಡುವುದಿಲ್ಲ. ಚದರ ಮೀಟರಿಗೆ 600 ಗ್ರಾಂ ಎಂದರೆ ಅದೇ ಅಳತೆಗೆ 30 ಕಿಲೋ ಭಾರ. ಬೆಲೆಯೂ ನೀಲಿಯದಕ್ಕಿಂತ ಕೆಲವು ಪಟ್ಟು. ಅದರದೂ ಒಂದು ದೋಷವುಂಟು: ಉಸಿರಾಡುವುದಿಲ್ಲ. ಬಯಲುಸೀಮೆಯ ಬಿಸಿಲಲ್ಲಿ ಕಾದ ಲೋಡು ಘಟ್ಟದ ಚಳಿಗೆ ಬಂದರೆ ಒಳಗಿನ ಹಬೆ ಟರ್ಪಾಲಿನ ಅಡಿಯಲ್ಲಿ ಹನಿಗಟ್ಟಿ ಚೀಲದ ಮೇಲೆ ಉದುರುತ್ತದೆ. ಆಗ "ಪಿವಿಸಿಯೂ ಸೋರುತ್ತದೆ" ಎಂಬ ಅಪವಾದ!

ಒದ್ದೆ ಎಲ್ಲಿದೆ ಎಂದು ನೋಡಿದರೆ ಕಳ್ಳ ಯಾರೆಂದು ತಿಳಿಯುತ್ತದೆ. ನಡುವೆ ಗುಂಪಾಗಿದ್ದರೆ ನಿಂತ ನೀರು. ಅಂಚು, ಮೂಲೆಯಲ್ಲಿದ್ದರೆ ಸವೆತ. ಬದಿಯ ಚೀಲಗಳು ಸಾಲಾಗಿ ಒದ್ದೆಯಿದ್ದರೆ ಟರ್ಪಾಲು ಗಿಡ್ಡ, ಹಲಗೆಯ ಮೇಲೆ ಇಳಿಬೀಳಲಿಲ್ಲ. ಮೇಲಿನ ಚೀಲಗಳೆಲ್ಲ ಸಮನಾಗಿ ತೇವವಾಗಿ, ಟರ್ಪಾಲಿನಲ್ಲಿ ತೂತೇ ಇಲ್ಲದಿದ್ದರೆ ಅದು ಹಬೆ. ತಳದ ಚೀಲ ಒದ್ದೆಯಿದ್ದರೆ ಟರ್ಪಾಲಿನ ತಪ್ಪೇ ಅಲ್ಲ, ಚಕ್ರ ಎರಚಿದ ನೀರು ಹಲಗೆಯ ಸಂದಿನಿಂದ ಬಂದಿದೆ.

ಮಳೆಗಾಲದಲ್ಲಿ ವಾರಕ್ಕೆರಡು ಸಲ ಘಟ್ಟ ಇಳಿಯುವ ಅಕ್ಕಿ, ಸಕ್ಕರೆ, ಸಿಮೆಂಟ್ ಲಾರಿಗೆ ಪಿವಿಸಿಯೇ ಲಾಭ. ಒಂದೇ ಲೋಡಿನಲ್ಲಿ 30,000 ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀಲಿಯದು ಊರೊಳಗಿನ ಓಡಾಟಕ್ಕೆ, ಬೇಸಿಗೆಯ ಲೋಡಿಗೆ, ಮಳೆಗಾಲದಲ್ಲಿ ಪಿವಿಸಿಯ ಅಡಿಗೆ ಇನ್ನೊಂದು ಪದರವಾಗಿ ಇರಲಿ. ಯಾವುದೇ ಆಗಲಿ, ಹಲಗೆಯ ಮೂಲೆಗೆ ಹಳೆ ಗೋಣಿ ಮಡಚಿ ಇಟ್ಟು ಮೇಲೆ ಹಗ್ಗ ಬಿಗಿಯುವುದನ್ನು ಮರೆಯಬಾರದು.

ಕೊಳ್ಳುವಾಗ ಚೀಟಿಯ ಮೇಲಿನ ಗ್ರಾಂ ನಂಬದೆ ತಕ್ಕಡಿಗೆ ಹಾಕಿಸಬೇಕು. 10 ಕಿಲೋ ಇರಬೇಕಾದದ್ದು 7 ತೂಗಿದರೆ ಅದು 200 ಗ್ರಾಂ ಮಾಲಲ್ಲ, 140 ಗ್ರಾಂನದು. ಮೂಲೆಯನ್ನು ಹತ್ತು ಸಲ ಗಟ್ಟಿಯಾಗಿ ಮಡಚಿ, ಜೋಳಿಗೆಯಂತೆ ಕಟ್ಟಿ ಒಂದು ಕೊಡ ನೀರು ಹೊಯ್ದು ರಾತ್ರಿಯಿಡೀ ತೂಗುಹಾಕಲಿ. ಬೆಳಿಗ್ಗೆ ಅಡಿಯಲ್ಲಿ ಕೈಯಾಡಿಸಿದಾಗ ಅಂಗೈ ಒದ್ದೆಯಾದರೆ ಆ ಮಾಲು ಘಟ್ಟ ಇಳಿಯಲಿಕ್ಕೆ ಲಾಯಕ್ಕಲ್ಲ.

ಇನ್ನು ಅಂಗಡಿಯವರಿಗೆ ಒಂದು ಮಾತು. ಒದ್ದೆ ಚೀಲ ಕಂಡರೆ ಮೊದಲು ಎಣಿಸಿ, ಎಷ್ಟು ಮತ್ತು ಯಾವ ಜಾಗದ್ದು ಎಂದು ಲಾರಿಯ ರಸೀದಿಯ ಮೇಲೇ ಬರೆದು ಡ್ರೈವರನ ಸಹಿ ಹಾಕಿಸಿ. ಜಗಳ ಆಮೇಲೆ ಇದ್ದೇ ಇದೆ.