ಮೂರೋ ಏಳೋ: ಸಂದಿಗ್ಧ ಪ್ರಶ್ನೆಗೆ ಶಾಲೆ ಕೊಡಬೇಕಾದ ಉತ್ತರ

ಉಡುಪಿಯ ಯಾವುದೇ ಪ್ರೌಢಶಾಲೆಯ ಸಮಾಜ ವಿಜ್ಞಾನ ಪತ್ರಿಕೆಯಲ್ಲಿ ಬರಬಹುದಾದ ಎರಡು ಅಂಕದ ಪ್ರಶ್ನೆಯೊಂದನ್ನು ಊಹಿಸಿಕೊಳ್ಳೋಣ: ‘1997ರಲ್ಲಿ ರಚನೆಯಾದ ಉಡುಪಿ ಜಿಲ್ಲೆಯ ತಾಲೂಕುಗಳನ್ನು ಹೆಸರಿಸಿ.’ ಒಬ್ಬ ವಿದ್ಯಾರ್ಥಿನಿ ಉಡುಪಿ, ಕುಂದಾಪುರ, ಕಾರ್ಕಳ ಎಂದು ಬರೆದಳು. ಕೀ ಉತ್ತರದಲ್ಲಿದ್ದದ್ದು ಏಳು ಹೆಸರು. ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಬಿಟ್ಟುಹೋಗಿವೆ ಎಂದು ಒಂದು ಅಂಕ ಕಳೆದರು. ಜಿಲ್ಲೆ ಆದಾಗ ಇದ್ದದ್ದು ಮೂರೇ ತಾಲೂಕು, ಉಳಿದವು ಬಂದದ್ದು 2018ರಲ್ಲಿ ಎಂದು ಅವಳು ಬರೆದುಕೊಟ್ಟಳು. ಶಾಲೆ ಏನೆಂದು ಉತ್ತರಿಸಬೇಕು?

ಥಟ್ಟನೆ ಬರುವ ಮಾತು, ‘ತರಗತಿಯಲ್ಲಿ ಮಿಕ್ಕವರೆಲ್ಲ ಏಳು ಬರೆದಿದ್ದಾರಲ್ಲ, ನಿನಗೊಬ್ಬಳಿಗೆ ಹೇಗೆ ಗೊಂದಲವಾಯಿತು?’ ಇದು ಉತ್ತರವೇ ಅಲ್ಲ. ಮಿಕ್ಕವರು ಒಂದು ಅರ್ಥ ಹಿಡಿದರು ಎಂಬುದರಿಂದ ಇನ್ನೊಂದು ಅರ್ಥ ಆ ವಾಕ್ಯದಲ್ಲಿ ಇಲ್ಲ ಎಂದಾಗುವುದಿಲ್ಲ. ‘ನಾನು ಕೇಳಿದ್ದು ಈಗಿನ ತಾಲೂಕುಗಳನ್ನು’ ಎಂದು ಪ್ರಶ್ನೆ ತೆಗೆದ ಶಿಕ್ಷಕರು ಹೇಳಿದರೂ ಅಷ್ಟೆ. ಅವರ ಉದ್ದೇಶ ಪ್ರಾಮಾಣಿಕವೇ ಇರಬಹುದು, ಆದರೆ ಪರೀಕ್ಷಾ ಕೊಠಡಿಯಲ್ಲಿ ಮಗುವಿನ ಮುಂದಿದ್ದದ್ದು ಅಚ್ಚಾದ ವಾಕ್ಯ ಮಾತ್ರ. 1997 ಎಂಬ ಇಸವಿಯನ್ನು ಅದರಲ್ಲಿ ತಂದಿಟ್ಟದ್ದೂ ಶಿಕ್ಷಕರೇ. ಅದು ಬರೀ ವಿಶೇಷಣವೋ, ಉತ್ತರಕ್ಕೆ ಹಾಕಿದ ಗಡಿಯೋ ಎಂದು ವಾಕ್ಯ ಹೇಳುವುದಿಲ್ಲ. ಆದ್ದರಿಂದ ಶಾಲೆ ಮೊದಲು ಪರೀಕ್ಷಿಸಬೇಕಾದ್ದು ಪ್ರಶ್ನೆಯನ್ನು. ಕೀ ಉತ್ತರ ನೋಡದ ಇನ್ನೊಬ್ಬ ಶಿಕ್ಷಕರ ಕೈಗೆ ಪತ್ರಿಕೆ ಕೊಟ್ಟು, ಈ ವಾಕ್ಯಕ್ಕೆ ಎಷ್ಟು ರೀತಿಯಲ್ಲಿ ಉತ್ತರಿಸಬಹುದು ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ವಿಷಯ ತಿಳಿಯುತ್ತದೆ.

ಹೀಗೆ ಒಪ್ಪುತ್ತಾ ಹೋದರೆ ಪ್ರತಿ ಅಂಕಕ್ಕೂ ತಕರಾರು ಬರುತ್ತದೆ ಎಂಬ ಆತಂಕ ಶಿಕ್ಷಕರಿಗಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಗೆರೆ ಎಳೆಯುವುದು ಕಷ್ಟವೇನಲ್ಲ. ಹೊಸ ನಾಲ್ಕು ತಾಲೂಕುಗಳನ್ನಷ್ಟೇ ಬರೆದ ಹುಡುಗನೂ ಅಂಕ ಕೇಳಿಕೊಂಡು ಬಂದ ಎನ್ನಿ. ಅವನ ಉತ್ತರ ಆ ವಾಕ್ಯದ ಯಾವ ಅರ್ಥಕ್ಕೂ ಪೂರ್ಣವಾಗಿ ಹೊಂದುವುದಿಲ್ಲ. ಏಳರ ಲೆಕ್ಕದಲ್ಲಿ ಅವನಿಗೆ ಭಾಗಶಃ ಅಂಕ ಸಿಗಬಹುದು, ಪೂರ್ತಿ ಸಿಗದು. ವಾಕ್ಯ ತಾನಾಗಿ ಬಿಟ್ಟುಕೊಡುವ ಅರ್ಥ ಬೇರೆ, ಅಂಕ ಹೋದ ಮೇಲೆ ಹುಡುಕಿ ತಂದ ಅರ್ಥ ಬೇರೆ.

2024ರ ನೀಟ್ ಪರೀಕ್ಷೆಯ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪ್ರತಿ ಮೂಲವಸ್ತುವಿನ ಪರಮಾಣುಗಳೂ ಸ್ಥಿರ ಎಂಬ ಹೇಳಿಕೆ ಒಂದು ಪ್ರಶ್ನೆಯಲ್ಲಿತ್ತು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕ ನಂಬಿ ಅದನ್ನು ಸರಿ ಎಂದವರಿಗೂ ಮೊದಲು ಅಂಕ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಸೂಚನೆಯಂತೆ ಐಐಟಿ ದೆಹಲಿಯ ಮೂವರು ತಜ್ಞರು ನೋಡಿ, ಸರಿಯುತ್ತರ ಒಂದೇ ಎಂದರು. ವಿಕಿರಣಶೀಲ ಮೂಲವಸ್ತುಗಳ ಪರಮಾಣುಗಳು ಸ್ಥಿರವಲ್ಲವಲ್ಲ. ಅಲ್ಲಿದ್ದದ್ದು ಸರಿ ತಪ್ಪಿನ ವಿವಾದ. ನಮ್ಮ ಪ್ರಶ್ನೆಯಲ್ಲಿ ಮೂರೂ ನಿಜ, ಏಳೂ ನಿಜ. ಯಾವುದನ್ನು ಕೇಳಿದ್ದು ಎಂಬುದೊಂದೇ ತೀರ್ಮಾನವಾಗಿಲ್ಲ. ಹಾಗಾಗಿ ತಜ್ಞರನ್ನು ಕರೆದರೂ ಒಂದನ್ನು ಆರಿಸಿಕೊಡಲಾರರು, ಎರಡನ್ನೂ ಒಪ್ಪಲೇಬೇಕು.

ಅವಳಿಗೆ 2018ರ ಸಂಗತಿ ಗೊತ್ತೇ ಇರಲಿಲ್ಲವೇನೋ, ಹಳೆಯ ಗೈಡ್ ಓದಿ ಮೂರು ಬರೆದಿರಬಹುದು ಎಂಬ ಶಂಕೆಯೂ ಬರುತ್ತದೆ. ಇರಬಹುದು. ಉತ್ತರ ಪತ್ರಿಕೆ ನೋಡಿ ಅದನ್ನು ಪತ್ತೆ ಮಾಡಲಾಗದು. ಪ್ರಶ್ನೆ ಬಿಗಿಯಾಗಿದ್ದರೆ ತಿಳಿದವಳು, ತಿಳಿಯದವಳು ಬೇರೆಯಾಗುತ್ತಿದ್ದರು. ಬಿಗಿಯಿಲ್ಲದ ಪ್ರಶ್ನೆಯ ನಷ್ಟವನ್ನು ಶಾಲೆ ಹೊರಬೇಕು, ಮಗುವಿನ ತಲೆಗೆ ಕಟ್ಟಬಾರದು.

ಶಾಲೆಯ ಉತ್ತರ ಇಷ್ಟಿದ್ದರೆ ಸಾಕು: ‘ಪ್ರಶ್ನೆ ಸಂಖ್ಯೆ 14ಕ್ಕೆ ಎರಡು ಅರ್ಥ ಬರುತ್ತದೆ. ಮೂರು ತಾಲೂಕು ಬರೆದವರಿಗೂ ಏಳು ಬರೆದವರಿಗೂ ಪೂರ್ಣ ಅಂಕ ಕೊಡಲಾಗಿದೆ. ತರಗತಿಯ ಎಲ್ಲ ಉತ್ತರ ಪತ್ರಿಕೆಗಳನ್ನೂ ಮತ್ತೆ ನೋಡಲಾಗಿದೆ.’ ಇದರಲ್ಲಿ ಕೊನೆಯ ವಾಕ್ಯವೇ ಮುಖ್ಯ. ಕೇಳಿದವಳಿಗೊಬ್ಬಳಿಗೆ ‘ಹೋಗಲಿ, ತಗೋ’ ಎಂದು ಅಂಕ ಹಾಕಿದರೆ ಅದು ದಯೆಯಾಗುತ್ತದೆ. ಅದೇ ಮೂರು ಹೆಸರು ಬರೆದು, ಟೀಚರ್ ಹತ್ತಿರ ಹೋಗಿ ಕೇಳಲು ಹೆದರಿ ಸುಮ್ಮನೆ ಕೂತ ಹುಡುಗನಿಗೆ ಅನ್ಯಾಯವಾಗುತ್ತದೆ.

ಎರಡನ್ನೂ ಒಪ್ಪುವ ಈ ಪರಿಹಾರಕ್ಕೂ ಒಂದು ಮಿತಿಯಿದೆ. ಮೂರೋ ಏಳೋ ಎಂದು ಯೋಚಿಸುತ್ತಲೇ ಸಮಯ ಕಳೆದು ಏನೂ ಬರೆಯದೆ ಬಿಟ್ಟವರಿಗೆ ಇದರಿಂದ ಏನೂ ಸಿಗದು. 1983ರಲ್ಲಿ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹು ಆಯ್ಕೆ ಪರೀಕ್ಷೆಗಳ ಬಗ್ಗೆ ಹೇಳಿದ ದಾರಿ, ಸಂದಿಗ್ಧ ಪ್ರಶ್ನೆಯನ್ನು ತಡಮಾಡದೆ ಲೆಕ್ಕದಿಂದಲೇ ಕೈಬಿಡುವುದು. ಶಾಲೆಯಲ್ಲಿ ಹಾಗೆ ಮಾಡಿದರೆ 40 ಅಂಕದ ಪತ್ರಿಕೆ 38ಕ್ಕೆ ಇಳಿಯುತ್ತದೆ, ಸರಿಯಾಗಿ ಬರೆದವರ ಎರಡು ಅಂಕವೂ ಹೋಗುತ್ತದೆ. ಬಿಡಿಸಿ ಬರೆಯುವ ಪ್ರಶ್ನೆಗೆ ಎರಡೂ ಉತ್ತರ ಒಪ್ಪುವುದು ಹೆಚ್ಚು ನ್ಯಾಯ ಎಂದೇ ನನಗೆ ಅನ್ನಿಸುತ್ತದೆ. ಆದರೆ ಪತ್ರಿಕೆಗಳನ್ನು ಮತ್ತೆ ನೋಡುವಾಗ ಆ ಜಾಗವನ್ನು ಖಾಲಿ ಬಿಟ್ಟವರು ಹಲವರಿದ್ದಾರೆಂದು ಕಂಡರೆ, ಪ್ರಶ್ನೆಯನ್ನು ಕೈಬಿಡುವ ದಾರಿಯೇ ಸರಿ.