ಕ್ಲಿಕ್ ಬಂದರೆ ಸಾಲದು, ನೋಡುಗ ಉಳಿಯಬೇಕು

ಎಫ್‌ಡಿಎ ಪರೀಕ್ಷೆಯ ಓದಿನ ವೇಳಾಪಟ್ಟಿ ತಿಳಿಸುವ ಎಂಟು ನಿಮಿಷದ ವಿಡಿಯೊಗೆ ‘ಓದದೇ ಪಾಸಾಗಿ!’ ಎಂದು ಹೆಸರಿಟ್ಟರು ಎನ್ನೋಣ. ಥಂಬ್‌ನೇಲ್ ಕಂಡ 1,000 ಮಂದಿಯಲ್ಲಿ 100 ಮಂದಿ ಒತ್ತಿ, ಮೋಸ ತಿಳಿದು ಸರಾಸರಿ 40 ಸೆಕೆಂಡಿಗೇ ಹೊರಟರೆ ಒಟ್ಟು ವೀಕ್ಷಣೆ ಸುಮಾರು 67 ನಿಮಿಷ. ‘ದಿನಕ್ಕೆ 2 ಗಂಟೆ, 90 ದಿನದ ವೇಳಾಪಟ್ಟಿ’ ಎಂದರೆ 60 ಮಂದಿಯೇ ಬಂದರೂ, ತಲಾ 4 ನಿಮಿಷ ನೋಡಿದರೆ 240 ನಿಮಿಷ. ಯೂಟ್ಯೂಬ್‌ನ ಥಂಬ್‌ನೇಲ್ ಹೋಲಿಕೆ ಪರೀಕ್ಷೆಯೂ ಗೆದ್ದ ಚಿತ್ರವನ್ನು ಆರಿಸುವುದು ಕ್ಲಿಕ್ ಎಣಿಸಿ ಅಲ್ಲ, ನೋಡಿದ ಸಮಯ ಅಳೆದು.

ಕ್ಲಿಕ್ ಹೆಚ್ಚಿದ್ದೂ ವೀಕ್ಷಣೆಯ ಗೆರೆ ಮೊದಲ 30 ಸೆಕೆಂಡಿನಲ್ಲೇ ಕುಸಿದರೆ, ಮೊದಲು ಶೀರ್ಷಿಕೆಯನ್ನು ಅನುಮಾನಿಸಿ. ಥಂಬ್‌ನೇಲ್‌ನಲ್ಲಿ ವೇಳಾಪಟ್ಟಿಯ ಹಾಳೆಯನ್ನೇ ತೋರಿಸಿ. ವಿಡಿಯೊ ಶುರುವಾದ ಕೂಡಲೇ ಅದೇ ಹಾಳೆ ಕಾಣಲಿ. ಪರೀಕ್ಷೆ ಹತ್ತಿರವಿರುವ ಅಭ್ಯರ್ಥಿ ಒಮ್ಮೆ ಮೋಸಹೋದರೆ ಆ ಚಾನೆಲ್‌ನತ್ತ ಮತ್ತೆ ಸುಳಿಯುವುದು ಕಷ್ಟ.