ಲಕೋಟೆಯ ಮೇಲೆ ತಾರೀಖು ಬರೆದಿಡಿ



ನಮ್ಮ ಬೀದಿಯ ನಿವೃತ್ತ ಟೀಚರೊಬ್ಬರ 5 ಲಕ್ಷದ ಠೇವಣಿ ಈಚೆಗೆ ಮುಗಿಯಿತು. ಅದನ್ನೇ ಮತ್ತೆ ಇಡಲು ಬ್ಯಾಂಕಿಗೆ ಹೋದರು. ಅಲ್ಲಿನ ಹುಡುಗ ಕುರ್ಚಿ ಎಳೆದು ಕೂರಿಸಿ, “ಅಮ್ಮಾ, 4 ಲಕ್ಷ ಎಫ್‌ಡಿ ಇಡಿ, 1 ಲಕ್ಷ ಈ ಸ್ಕೀಮಿಗೆ ಹಾಕಿ, ಬಡ್ಡಿಗಿಂತ ಜಾಸ್ತಿ ಬರುತ್ತೆ” ಎಂದ. “ಕಂಪನಿಯಿಂದ ಫೋನ್ ಬಂದ್ರೆ ಎಲ್ಲಕ್ಕೂ ಹೌದು ಅನ್ನಿ” ಎಂದೂ ಹೇಳಿಕೊಟ್ಟ. ಟೀಚರ್ ಸಹಿ ಹಾಕಿದರು.

ಹತ್ತು ದಿನದ ಮೇಲೆ ಅಂಚೆಯಲ್ಲಿ ದಪ್ಪ ಲಕೋಟೆ ಬಂತು. ಏಳನೇ ತರಗತಿಯ ಮೊಮ್ಮಗ ಬಿಡಿಸಿ ಓದಿದ. “ಅಜ್ಜಿ, ಪ್ರೀಮಿಯಂ ಕಟ್ಟೋ ಅವಧಿ 10 ವರ್ಷ ಅಂತಿದೆ!” ಅಂದರೆ ವರ್ಷಕ್ಕೆ 1 ಲಕ್ಷದಂತೆ ಒಟ್ಟು 10 ಲಕ್ಷ. ಅದು ಠೇವಣಿಯೇ ಅಲ್ಲ, ಜೀವವಿಮೆ!

ಟೀಚರ್ ಕಾಗದ ಹಿಡಿದು ನನ್ನ ಬಳಿ ಬಂದರು. “ಹಣ ಹೋಯ್ತೇನ್ರೀ?” ಎಂದರು. “ಇಲ್ಲ ಟೀಚರ್, ಇನ್ನೂ ಬಾಗಿಲು ತೆರೆದಿದೆ” ಎಂದೆ.

ಪಾಲಿಸಿ ಕೈಸೇರಿದ ದಿನದಿಂದ 30 ದಿನದೊಳಗೆ ಬೇಡವೆಂದು ಹಿಂದಿರುಗಿಸಬಹುದು. ಇದಕ್ಕೆ ‘ಫ್ರೀ ಲುಕ್’ ಅವಧಿ ಎನ್ನುತ್ತಾರೆ. ಪಾಲಿಸಿ ಇಮೇಲಿನಲ್ಲಿ ಬಂದಿದ್ದರೆ ಅದು ಬಂದ ದಿನದಿಂದಲೇ ಲೆಕ್ಕ. ಅಷ್ಟು ದಿನದ ವಿಮಾ ರಕ್ಷಣೆಯ ಪಾಲು, ಸ್ಟಾಂಪ್ ಶುಲ್ಕ, ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು, ಇಷ್ಟನ್ನು ಮಾತ್ರ ಮುರಿದುಕೊಂಡು ಉಳಿದದ್ದನ್ನು ಕೊಡಬೇಕು.

ಟೀಚರ್ ಮೊದಲು ಬ್ಯಾಂಕಿಗೇ ಹೋದರು. “ಮ್ಯಾನೇಜರ್ ರಜೆ, ಮುಂದಿನ ತಿಂಗಳು ನೋಡೋಣ” ಎಂಬ ಉತ್ತರ ಸಿಕ್ಕಿತು. ದಿನ ಸರಿಯುವುದು ಹೀಗೆಯೇ. ಬ್ಯಾಂಕು ಇಲ್ಲಿ ಬರೀ ಏಜೆಂಟು, ಹಣ ಇರುವುದು ವಿಮಾ ಕಂಪನಿಯ ಬಳಿ. ಆದ್ದರಿಂದ ಅರ್ಜಿಯನ್ನು ಕಂಪನಿಗೇ ಕೊಡಬೇಕು.

ನಾವು ಅರ್ಜಿಯಲ್ಲಿ ಪಾಲಿಸಿ ನಂಬರು, ಕೈಸೇರಿದ ತಾರೀಖು ಮತ್ತು “ಠೇವಣಿ ಎಂದು ಹೇಳಿ ಕೊಟ್ಟರು, ಫ್ರೀ ಲುಕ್‌ನಲ್ಲಿ ರದ್ದು ಮಾಡಿ” ಎಂಬ ಕಾರಣ ಬರೆದೆವು. ಮೂಲ ಪಾಲಿಸಿಯನ್ನೂ ಅಡ್ಡಗೆರೆ ಎಳೆದು ರದ್ದು ಮಾಡಿದ ಒಂದು ಚೆಕ್ಕನ್ನೂ ಲಗತ್ತಿಸಿ ಕಂಪನಿಯ ಶಾಖೆಗೆ ಕೊಟ್ಟೆವು. ನಮ್ಮ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡೆವು. ಮುಂದಿನ ಕಂತು ತಾನಾಗಿ ಕಡಿತವಾಗದಂತೆ ಬ್ಯಾಂಕಿಗೆ ಇನ್ನೊಂದು ಪತ್ರ ಕೊಟ್ಟೆವು. ಅರ್ಜಿ ತಲುಪಿದ 7 ದಿನದೊಳಗೆ ಕಂಪನಿ ಹಣ ಹಿಂತಿರುಗಿಸಬೇಕು. ಟೀಚರಿಗೆ ಆರನೆಯ ದಿನ ಬಂತು. ಬಾರದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ 155255ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಸಾಲದಲ್ಲೂ ಹೀಗೇ ಆಗುತ್ತದೆ. ವಿಮೆಯ ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿದರೆ ಅದಕ್ಕೂ ನೀವು ಬಡ್ಡಿ ಕಟ್ಟುತ್ತೀರಿ. ಸಾಲ ಮಂಜೂರಾತಿ ಪತ್ರದಲ್ಲಿ ಮೊತ್ತ ನೀವು ಕೇಳಿದ್ದಕ್ಕಿಂತ ಹೆಚ್ಚಿದ್ದರೆ, ಏಕೆಂದು ಕೇಳಿ.

ವಿಮೆ ಕೆಟ್ಟದ್ದಲ್ಲ, ಬೇಕಾದವರು ತಿಳಿದು ಕೊಳ್ಳಲಿ. ಆದರೆ 30 ದಿನ ದಾಟಿದ ಮೇಲೆ ಬಿಟ್ಟರೆ ಕಟ್ಟಿದ್ದರಲ್ಲಿ ದೊಡ್ಡ ಪಾಲು ಹೋಗಬಹುದು. ಮಕ್ಕಳೇ, ಅಜ್ಜಿಗೆ ಅಂತಹ ಲಕೋಟೆ ಬಂದರೆ ಅದರ ಮೇಲೆ ಅಂದೇ ತಾರೀಖು ಬರೆದಿಡಿ. ಆಮೇಲೆ ಒಳಗಿನದನ್ನು ಗಟ್ಟಿಯಾಗಿ ಓದಿ ಹೇಳಿ.